ಹಳೆಯ ಸಲೂನುಗಳ ಓಣಿಯಲ್ಲಿ ಹೊಸ ಅಂಗಡಿಗೆ ಗುರುತು ಕಟ್ಟುವುದು ಹೇಗೆ?

ಮುಂಬಯಿ ಬಳಿಯ ಡೊಂಬಿವಲಿಯಂಥ ಊರಿನಲ್ಲಿ ಎರಡು ಕುರ್ಚಿಯ ಸಲೂನು ತೆರೆಯಲು ಹೊರಟವರು ಮೊದಲು ದರಪಟ್ಟಿಯನ್ನೇ ಯೋಚಿಸುತ್ತಾರೆ. ಹಳೆಯ ಅಂಗಡಿಗಿಂತ ಇಪ್ಪತ್ತು ರೂಪಾಯಿ ಕಡಿಮೆ ಮಾಡಿದರೆ ಗಿರಾಕಿಗಳು ಬರುತ್ತಾರೆಂಬುದು ನಿಜ. ಆದರೆ ದರಕ್ಕಾಗಿ ಬಂದವರು ದರಕ್ಕಾಗಿಯೇ ಬಿಟ್ಟುಹೋಗುತ್ತಾರೆ. ಹಳಬರಿಗೆ ತಲೆಮಾರಿನ ಪರಿಚಯವಿದೆ, ಹಾಸಿಗೆ ಹಿಡಿದ ಹಿರಿಯರ ಮನೆಗೇ ಹೋಗಿ ಕ್ಷೌರ ಮಾಡುವ ರೂಢಿಯಿದೆ. ಅವರ ಬಲವಿರುವಲ್ಲಿ ಪೈಪೋಟಿಗಿಳಿಯದೆ, ಅವರಿಗೆ ನಿಭಾಯಿಸಲಾಗದ ಒಂದೇ ಕೊರತೆಯನ್ನು ಹುಡುಕಬೇಕು.

ಅದಕ್ಕಾಗಿ ಒಂದು ಭಾನುವಾರ ಬೆಳಿಗ್ಗೆಯೂ ಒಂದು ಬುಧವಾರ ರಾತ್ರಿಯೂ ಓಣಿಯಲ್ಲಿ ನಿಂತು ನೋಡಿ. ಭಾನುವಾರ ಬೆಂಚು ತುಂಬಿರುತ್ತದೆ. ಸರದಿಗಾಗಿ ಕಾದವನ ಅರ್ಧ ರಜೆ ಅಲ್ಲಿಯೇ ಕಳೆಯುತ್ತದೆ. ಬುಧವಾರ ರಾತ್ರಿ ಲೋಕಲ್ ರೈಲಿನಿಂದ ಇಳಿದವರು ಮುಚ್ಚುತ್ತಿರುವ ಶಟರಿನ ಮುಂದೆ ಹಾದುಹೋಗುತ್ತಾರೆ. ಇಂಥ ದೃಶ್ಯ ನಿಮ್ಮ ಓಣಿಯಲ್ಲಿ ಕಂಡರೆ, ನಿಮ್ಮ ಗಿರಾಕಿ ಅವನೇ: ತಡವಾಗಿ ಮರಳುವ, ಗಡ್ಡವನ್ನು ಅಚ್ಚುಕಟ್ಟಾಗಿ ಬಿಡುವ ಉದ್ಯೋಗಸ್ಥ. ಅವನಿಗೆ ನೀವು ಕೊಡಬೇಕಾದ ಮಾತು ಎರಡೇ. ಹೇಳಿದ ಹೊತ್ತಿಗೆ ಕುರ್ಚಿ ಸಿಗುತ್ತದೆ. ಹೋದ ಸಲದ ಕಟಿಂಗೇ ಈ ಸಲವೂ ಸಿಗುತ್ತದೆ.

ಈ ಮಾತಿಗೆ ತಕ್ಕ ಲೆಕ್ಕವನ್ನು ಈಗ ಹಾಕೋಣ. ಬಾಡಿಗೆ, ಸಂಬಳ, ವಿದ್ಯುತ್ತು, ಸಾಮಗ್ರಿ ಸೇರಿ ತಿಂಗಳಿಗೆ 75,000 ರೂಪಾಯಿ ಖರ್ಚು ಎಂದಿಟ್ಟುಕೊಳ್ಳಿ; 26 ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು 2,900. ಸಂಜೆ ಆರರಿಂದ ಹತ್ತೂವರೆಯವರೆಗೆ 45 ನಿಮಿಷಕ್ಕೊಂದು ಸರದಿಯಂತೆ ಒಂದು ಕುರ್ಚಿಗೆ ಆರು, ಎರಡಕ್ಕೆ ಹನ್ನೆರಡು ಸರದಿಗಳಾಗುತ್ತವೆ. ಕಟಿಂಗ್ ಮತ್ತು ಗಡ್ಡಕ್ಕೆ ಸೇರಿ 250 ರೂಪಾಯಿ ಇಟ್ಟರೆ ತುಂಬಿದ ಸಂಜೆಯೊಂದೇ 3,000 ತರುತ್ತದೆ. ಅದೇ ಕೆಲಸಕ್ಕೆ 150 ಇಟ್ಟರೆ 1,800 ಮಾತ್ರ ಬರುವುದರಿಂದ ಸರದಿಯನ್ನು ಅರ್ಧ ಗಂಟೆಗೆ ಇಳಿಸಬೇಕಾಗುತ್ತದೆ, ಕೈ ಅವಸರಪಡುತ್ತದೆ, ಕೊಟ್ಟ ಮಾತು ಮುರಿಯುತ್ತದೆ. ಆರಂಭದ ತಿಂಗಳುಗಳಲ್ಲಿ ಸಂಜೆಗಳು ಪೂರ್ತಿ ತುಂಬುವುದಿಲ್ಲವಾದ್ದರಿಂದ, ಹಗಲಿನಲ್ಲಿ ಹೆಸರು ಕೊಡದೆ ಬರುವವರನ್ನೂ ಕೂರಿಸಿಕೊಳ್ಳಬೇಕು. ಸಂಜೆಯ ಸರದಿಯನ್ನು ಮಾತ್ರ ಯಾರಿಗೂ ಮುರಿಯಬಾರದು.

ಎರಡನೆಯ ಮಾತನ್ನು ಉಳಿಸುವುದು ಒಂದು ಕಾರ್ಡು. ಪ್ರತಿ ಗಿರಾಕಿಯ ಹೆಸರಿನ ಕೆಳಗೆ ಬದಿಗಳಿಗೆ ಮಷಿನಿಗೆ ಸಿಕ್ಕಿಸಿ ಬಳಸಿದ ಗಾರ್ಡಿನ ಸಂಖ್ಯೆ, ನೆತ್ತಿಯ ಮೇಲೆ ಬಿಟ್ಟ ಉದ್ದ, ಸುಳಿ ತಿರುಗಿರುವ ದಿಕ್ಕು, ಗಡ್ಡದ ಕೆಳಗೆರೆ ಇವನ್ನು ಬರೆಯಿರಿ. ಸಾಮಾನ್ಯವಾಗಿ ಎರಡನೇ ನಂಬರಿನ ಗಾರ್ಡು ಸುಮಾರು 6 ಮಿಲಿಮೀಟರ್ ಕೂದಲು ಬಿಡುತ್ತದೆ. ಆದರೆ ಎಲ್ಲ ಕಂಪನಿಗಳ ಅಳತೆಯೂ ಒಂದೇ ಅಲ್ಲ, ಆದ್ದರಿಂದ ಯಾವ ಮಷಿನ್ ಎಂಬುದನ್ನೂ ಬರೆಯಬೇಕು. ಗಡ್ಡದಲ್ಲಿ ಹೆಚ್ಚಾಗಿ ಕೆಡುವುದು ಕೆಳಗೆರೆಯೇ. ಅದನ್ನು ದವಡೆಯ ಅಂಚಿಗೇ ಎಳೆದರೆ ಗಿರಾಕಿ ಮಾತನಾಡುವಾಗ ಗದ್ದದ ಕೆಳಗಿನ ಬೋಳು ಚರ್ಮ ಜೋತಂತೆ ಕಾಣುತ್ತದೆ. ಗಂಟಲಮಣಿಯಿಂದ ಎರಡು ಬೆರಳಷ್ಟು ಮೇಲೆ ಇಟ್ಟರೆ ಬಹುಮಂದಿಗೆ ಒಪ್ಪುತ್ತದೆ. ಕತ್ತಿನಲ್ಲಿ ಗುಳ್ಳೆ ಏಳುವವರಿದ್ದರೆ ಅದನ್ನೂ ಗುರುತಿಸಿ: ಗುಂಗುರು ಕೂದಲನ್ನು ಎದುರು ದಿಕ್ಕಿನಲ್ಲಿ ನುಣ್ಣಗೆ ಬೋಳಿಸಿದಾಗ ತುದಿ ಚರ್ಮದೊಳಗೇ ತಿರುಗಿ ಬೆಳೆಯುತ್ತದೆ, ಅಂಥವರಿಗೆ ಕೂದಲು ಬೆಳೆದ ದಿಕ್ಕಿನಲ್ಲಿಯೇ ಬ್ಲೇಡು ಆಡಿಸಬೇಕು. ಬ್ಲೇಡಿನ ಹೊಸ ಪೊಟ್ಟಣವನ್ನು ಅವರ ಕಣ್ಣೆದುರೇ ಒಡೆಯುವುದು ಕಡ್ಡಾಯವೆಂದೇ ತಿಳಿಯಿರಿ.

ಈ ಕಾರ್ಡಿಗೆ ಇನ್ನೊಂದು ಉಪಯೋಗವಿದೆ. ಒಳ್ಳೆಯ ಕಾರೀಗರನು ಕೆಲಸ ಬಿಟ್ಟರೆ ಗಿರಾಕಿಗಳೂ ಅವನ ಹಿಂದೆ ಹೋಗುವುದು ಈ ವೃತ್ತಿಯ ದೊಡ್ಡ ಅಪಾಯ. ಬರಹ ಅಂಗಡಿಯಲ್ಲಿದ್ದರೆ ಮತ್ತೊಬ್ಬನ ಕೈಯಲ್ಲೂ ಅದೇ ಕಟಿಂಗ್ ಬರುತ್ತದೆ, ಎಲ್ಲರೂ ಹೋಗುವುದಿಲ್ಲ.

ಕಾಗದಪತ್ರಗಳ ಹೊರೆ ದೊಡ್ಡದಲ್ಲ. ಮಹಾರಾಷ್ಟ್ರದ 2017ರ ಅಂಗಡಿ ಕಾಯ್ದೆಯಂತೆ ಕೆಲವೇ ಕೆಲಸಗಾರರಿರುವಲ್ಲಿ ಆನ್‌ಲೈನಿನಲ್ಲಿ ಮಾಹಿತಿ ಸಲ್ಲಿಸಿದರೆ ಸಾಕು. ಜನ ಈಗಲೂ ಅದನ್ನು ಗುಮಾಸ್ತಾ ಎಂದೇ ಕರೆಯುತ್ತಾರೆ. ಬೋರ್ಡಿನ ಮೇಲೆ ಸೇವೆಗಳ ಉದ್ದನೆಯ ಪಟ್ಟಿ ಬೇಡ. ‘ರಾತ್ರಿ 10.30ರವರೆಗೆ, ಹೊತ್ತು ಗೊತ್ತುಮಾಡಿ ಬನ್ನಿ’ ಎಂಬ ಸಾಲು ದೂರವಾಣಿ ಸಂಖ್ಯೆಯೊಂದಿಗೆ ಮರಾಠಿಯಲ್ಲಿ ದೊಡ್ಡದಾಗಿರಲಿ; ಸುತ್ತ ಕನ್ನಡಿಗರ ಮನೆಗಳಿದ್ದರೆ ಕೆಳಗೆ ಕನ್ನಡದಲ್ಲಿಯೂ ಇರಲಿ.

ಫಲ ಸಿಗುತ್ತಿದೆಯೇ ಎಂಬುದನ್ನು ಹೊಸ ಮುಖಗಳಿಂದ ಅಳೆಯಬೇಡಿ. ಬದಿಗಳನ್ನು ಹಂತಹಂತವಾಗಿ ಇಳಿಸಿದ ಫೇಡ್ ಕಟಿಂಗ್ ಮೂರು ವಾರಗಳೊಳಗೆ ಮಸುಕಾಗುತ್ತದೆ. ಆದ್ದರಿಂದ ತಿಂಗಳ ಕೊನೆಯಲ್ಲಿ ಕಾರ್ಡುಗಳನ್ನು ತೆಗೆದು, ಹಿಂದಿನ ತಿಂಗಳು ಮೊದಲ ಬಾರಿ ಬಂದವರಲ್ಲಿ ಎಷ್ಟು ಮಂದಿ ಮರಳಿದ್ದಾರೆಂದು ಎಣಿಸಿ. ಅರ್ಧದಷ್ಟೂ ಮರಳದಿದ್ದರೆ ಜಾಹೀರಾತಿಗೆ ಹಣ ಸುರಿಯುವ ಮೊದಲು ಕಾಯಿಸಿದ್ದೇವೆಯೇ, ಕಟಿಂಗ್ ಬದಲಾಗಿದೆಯೇ ಎಂದು ನೋಡಬೇಕು. ಶ್ರಾವಣದಲ್ಲಿ ಮಾತ್ರ ಈ ಅಳತೆ ಹಿಡಿಯುವುದಿಲ್ಲ: ಇಲ್ಲಿ ಅನೇಕರು ಆ ತಿಂಗಳು ಪೂರ್ತಿ ಕತ್ತರಿ ಮುಟ್ಟಿಸುವುದಿಲ್ಲ. ನಮ್ಮ ಭೀಮನ ಅಮಾವಾಸ್ಯೆಗೆ ಮುಂಚಿನ ದಿನಗಳಿಗೂ ಗಣೇಶ ಚತುರ್ಥಿಗೆ ಮುಂಚಿನ ದಿನಗಳಿಗೂ ಸರದಿಗಳನ್ನು ಎರಡು ವಾರ ಮೊದಲೇ ಬರೆದುಕೊಂಡು, ನಡುವಿನ ತಿಂಗಳ ಬಾಡಿಗೆಯನ್ನು ಜೂನ್‌ನಿಂದಲೇ ತೆಗೆದಿಡಬೇಕು.