ಹನ್ನೆರಡು ಚೀಟಿ, ಐದು ಜನರ ಕಮಿಟಿ: ಎಣಿಸುವುದು ಹೇಗೆ?

ಬೀದಿಯ ಗಣೇಶೋತ್ಸವಕ್ಕೆ ಕಮಿಟಿ ಆಗಬೇಕು ಅಂದುಕೊಳ್ಳಿ. ಹೆಸರು ಕೊಟ್ಟವರು 12 ಜನ: 5 ಹೆಂಗಸರು, 7 ಗಂಡಸರು. ಬೇಕಾದವರು 5 ಜನ. ಒಂದೇ ಷರತ್ತು, ಕನಿಷ್ಠ ಇಬ್ಬರು ಹೆಂಗಸರು ಇರಲೇಬೇಕು. ಎಷ್ಟು ಬಗೆಯ ಕಮಿಟಿ ಆಗಬಹುದು?

ಮೊದಲು ಷರತ್ತು ಮರೆತುಬಿಡಿ. ಯಾರು ಮೊದಲು, ಯಾರು ಆಮೇಲೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಹಾಗಾಗಿ ಇದು ವಿಕಲ್ಪದ ಲೆಕ್ಕ. 12 ಜನರಲ್ಲಿ 5 ಜನರನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಅನ್ನುವುದನ್ನು ¹²C₅ ಅಂತ ಬರೆಯುತ್ತೇವೆ:

¹²C₅ = (12×11×10×9×8) ÷ (5×4×3×2×1) = 792

ಈಗ ಷರತ್ತು. ಇಲ್ಲೇ ಜಾಸ್ತಿ ಜನ ಎಡವುವುದು. ಮೊದಲು ಇಬ್ಬರು ಹೆಂಗಸರನ್ನು ಆರಿಸೋಣ, ಉಳಿದ 10 ಜನರಲ್ಲಿ ಯಾರಾದರೂ ಮೂವರು ಬರಲಿ ಅಂತ ಹೊರಡುತ್ತಾರೆ: ⁵C₂ × ¹⁰C₃ = 10 × 120 = 1200. ಷರತ್ತೇ ಇಲ್ಲದಾಗ 792 ಇದ್ದದ್ದು ಷರತ್ತು ಹಾಕಿದ ಮೇಲೆ 1200 ಆಗಲು ಸಾಧ್ಯವೇ ಇಲ್ಲ, ಅಲ್ವಾ? ನಾನೂ ಕಾಲೇಜಿನಲ್ಲಿ ಹೀಗೇ ಬರೆದು ಅಂಕ ಕಳೆದುಕೊಂಡವನೇ. ಕಮಿಟಿಯಲ್ಲಿ ಮೂವರು ಹೆಂಗಸರಿದ್ದರೆ, ಅವರಲ್ಲಿ ‘ಮೊದಲು ಆರಿಸಿದ ಇಬ್ಬರು’ ಯಾರು ಅನ್ನುವುದಕ್ಕೆ ಮೂರು ಉತ್ತರಗಳಿವೆ. ಅದೇ ಕಮಿಟಿಯನ್ನು ಮೂರು ಸಲ ಎಣಿಸಿದಂತಾಯಿತು.

ಹೆಂಗಸರ ಸಂಖ್ಯೆಯ ಪ್ರಕಾರ ಬೇರೆ ಬೇರೆ ಮಾಡಿ ಎಣಿಸಿದರೆ ಈ ತೊಂದರೆ ಇಲ್ಲ:

ಇಬ್ಬರು: ⁵C₂ × ⁷C₃ = 350
ಮೂವರು: ⁵C₃ × ⁷C₂ = 210
ನಾಲ್ವರು: ⁵C₄ × ⁷C₁ = 35
ಐವರೂ: 1

ಒಟ್ಟು 596. ತಾಳೆ ನೋಡಬೇಕೇ? ಬೇಡದವನ್ನು ಕಳೆಯಿರಿ. ಹೆಂಗಸರೇ ಇಲ್ಲದವು 21, ಒಬ್ಬರೇ ಇರುವವು 175. 792ರಲ್ಲಿ 196 ಹೋದರೆ 596.

ಆ 12 ಜನರಲ್ಲಿ ನಮ್ಮ ಅತ್ತಿಗೆಯೂ ನಾನೂ ಇದ್ದೇವೆ ಅನ್ನಿ. ಇಬ್ಬರೂ ಕಮಿಟಿಗೆ ಬರುವ ಸಂಭವನೀಯತೆ ಎಷ್ಟು? ನಮ್ಮಿಬ್ಬರನ್ನು ಕೂರಿಸಿಬಿಡಿ. ಉಳಿದ ಮೂರು ಜಾಗಕ್ಕೆ 4 ಹೆಂಗಸರು, 6 ಗಂಡಸರು ಇದ್ದಾರೆ. ಅತ್ತಿಗೆ ಆಗಲೇ ಇರುವುದರಿಂದ ಇನ್ನೊಬ್ಬ ಹೆಂಗಸಾದರೂ ಬಂದರೆ ಸಾಕು. ಒಟ್ಟು ¹⁰C₃ = 120, ಅದರಲ್ಲಿ ಮೂವರೂ ಗಂಡಸರೇ ಆಗುವವು ⁶C₃ = 20. ಉಳಿದದ್ದು 100.

ಸಂಭವನೀಯತೆ 100/596, ಅಂದರೆ ಸುಮಾರು 16.8%. ಕೆಳಗೆ 792 ಬರೆಯಬೇಡಿ. ಷರತ್ತಿಗೆ ಹೊಂದದ ಕಮಿಟಿಗಳು ಆಟದಲ್ಲೇ ಇಲ್ಲ.

ಇನ್ನೊಂದು ಮಾತು. ಎಲ್ಲ 596 ಕಮಿಟಿಗಳಿಗೂ ಸಮಾನ ಅವಕಾಶ ಇದ್ದರೆ ಮಾತ್ರ ಈ 16.8% ಸರಿ. ಚೀಟಿ ಎತ್ತುವಾಗ ಹೆಂಗಸರ ಡಬ್ಬದಿಂದ ಎರಡು, ಆಮೇಲೆ ಉಳಿದದ್ದೆಲ್ಲ ಬೆರೆಸಿ ಮೂರು ಎತ್ತಿದರೆ, ಮೂವರು ಹೆಂಗಸರಿರುವ ಒಂದೊಂದು ಕಮಿಟಿಗೂ ಇಬ್ಬರಿರುವುದಕ್ಕಿಂತ ಮೂರು ಪಟ್ಟು ಅವಕಾಶ. ಅದೇ 1200ರ ತಪ್ಪು ಡಬ್ಬದೊಳಗೂ ಬಂದು ಕೂತಿತು! ಆಗ ನಮ್ಮಿಬ್ಬರ ಪಾಲು 192/1200, ಅಂದರೆ 16%. ಬದಲಿಗೆ 12 ಚೀಟಿಯನ್ನೂ ಒಂದೇ ಡಬ್ಬಕ್ಕೆ ಹಾಕಿ ಐದು ಎತ್ತಿ. ಹೆಂಗಸರು ಇಬ್ಬರಿಗಿಂತ ಕಡಿಮೆ ಬಂದರೆ ಐದನ್ನೂ ವಾಪಸ್ ಹಾಕಿ, ಕಲಸಿ, ಮತ್ತೆ ಎತ್ತಿ.