ಟವೆಲ್ ಎಷ್ಟು ಜೊತೆ ಇರಬೇಕು ಎಂಬುದನ್ನು ಲಾಂಡ್ರಿಯ ರಜೆಯೇ ಹೇಳುತ್ತದೆ

ಸಣ್ಣ ಹೋಟೆಲಿನ ಎಲ್ಲ ಕೋಣೆಗಳಿಗೂ ಒಂದು ಸಲ ಪೂರ್ತಿಯಾಗಿ ಹಾಕಲು ಬೇಕಾಗುವಷ್ಟು ಬಟ್ಟೆಯನ್ನು ನಮ್ಮ ಕೆಲಸದಲ್ಲಿ ಒಂದು ಪಾರ್ ಎನ್ನುತ್ತೇವೆ. ಕೋಣೆಯಲ್ಲಿ ಒಂದು, ಲಾಂಡ್ರಿಯಲ್ಲಿ ಒಂದು, ಕಪಾಟಿನಲ್ಲಿ ಒಂದು, ಹೀಗೆ ಮೂರು ಪಾರ್ ಇದ್ದರೆ ಸಾಕೆಂಬುದು ರೂಢಿಯ ಮಾತು. ಹೋಟೆಲಿನಲ್ಲಿಯೇ ಒಗೆದು ಅದೇ ದಿನ ಒಣಗಿಸುವವರಿಗೆ ಅದು ಸರಿ. ಹೊರಗಿನ ಲಾಂಡ್ರಿಗೆ ಕೊಡುವವರು ಮಾತ್ರ ಲಾಂಡ್ರಿಯವರ ವಾರದ ರಜೆಯನ್ನು ಮುಂದಿಟ್ಟುಕೊಂಡೇ ಲೆಕ್ಕ ಹಾಕಬೇಕು.

ಹನ್ನೆರಡು ಕೋಣೆಗಳಿದ್ದು, ಕೋಣೆಗೆ ಎರಡರಂತೆ ಸ್ನಾನದ ಟವೆಲ್ ಇಡುತ್ತೀರಿ ಎಂದುಕೊಳ್ಳಿ. ಒಂದು ಪಾರ್ ಎಂದರೆ 24 ಟವೆಲ್. ಲಾಂಡ್ರಿಯವರು ಬೆಳಿಗ್ಗೆ ಒಯ್ದು ಮರುದಿನ ಸಂಜೆ ತಂದುಕೊಡುತ್ತಾರೆ, ಭಾನುವಾರ ರಜೆ. ಕೋಣೆಗಳೆಲ್ಲ ತುಂಬಿದ ವಾರಾಂತ್ಯದಲ್ಲಿ ಶನಿವಾರ ಬೆಳಿಗ್ಗೆ ಹೋದ 24 ಟವೆಲ್ ಸೋಮವಾರ ಸಂಜೆಯವರೆಗೆ ಬರುವುದಿಲ್ಲ. ಭಾನುವಾರದ 24 ಚೀಲದಲ್ಲೇ ಕಾಯುತ್ತವೆ. ಸೋಮವಾರ ಬೆಳಿಗ್ಗೆ ಕೋಣೆಗಳಿಂದ ತೆಗೆದ 24 ಅವುಗಳ ಜೊತೆ ಸೇರುತ್ತವೆ. ಅದೇ ಹೊತ್ತಿಗೆ ಕೋಣೆಗಳಿಗೆ ಹೊಸದಾಗಿ 24 ಹಾಕಲೇಬೇಕು. ಒಟ್ಟು 96, ಅಂದರೆ ನಾಲ್ಕು ಪಾರ್, ಮತ್ತು ಆ ಗಳಿಗೆಯಲ್ಲಿ ಕಪಾಟು ಖಾಲಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೂರೇ ಪಾರ್ ಇಟ್ಟುಕೊಂಡು, ಸೋಮವಾರ ಬೆಳಿಗ್ಗೆ ಅತಿಥಿಗಳ ಕೋಣೆಯ ಬಾಗಿಲಲ್ಲಿ ಬರಿಗೈಯಲ್ಲಿ ನಿಂತ ಸಂಕಟವನ್ನು ಇಂದಿಗೂ ಮರೆತಿಲ್ಲ.

ಆದ್ದರಿಂದ ಐದನೆಯ ಪಾರ್ ಬೇಕೇ ಬೇಕು ಎಂಬುದು ನನ್ನ ಅಭಿಪ್ರಾಯ. ಅದಿದ್ದರೆ ಸೋಮವಾರ ಸಂಜೆ ಬಂದ ಟವೆಲ್‌ಗಳನ್ನು ಮಂಗಳವಾರವೇ ಬಳಸದೆ ಒಂದು ದಿನ ಕಪಾಟಿನಲ್ಲಿ ಬಿಡಬಹುದು. ಬಿಸಿಯಲ್ಲಿ ಒಣಗಿದ ಹತ್ತಿಯ ನೂಲು ಗಾಳಿಯ ತೇವವನ್ನು ಮರಳಿ ಹೀರಿಕೊಂಡು ಮೆತ್ತಗಾಗಲು ಆ ಬಿಡುವು ಬೇಕು, ಇಲ್ಲವಾದರೆ ಬಟ್ಟೆ ಬೇಗ ಸವೆಯುತ್ತದೆ. ಒಗೆದು ಬಂದದ್ದನ್ನು ಅಟ್ಟಿಯ ಕೆಳಗಿಟ್ಟು ಮೇಲಿನದನ್ನು ಬಳಸಿ. ಮೇಲೆಯೇ ಪೇರಿಸುತ್ತ ಹೋದರೆ ಅವೇ ಟವೆಲ್‌ಗಳು ಸುತ್ತುತ್ತಿದ್ದು, ಅಡಿಯವು ಮಡಿಕೆಯಲ್ಲೇ ಹಳದಿಗಟ್ಟುತ್ತವೆ. ಅತಿಥಿ ಹೊರಟ ಮೇಲಷ್ಟೇ ಬದಲಾಯಿಸುವ ಬೆಡ್‌ಶೀಟ್‌ಗಳಿಗೆ ಇಷ್ಟು ಬೇಡ, ಅವುಗಳ ಲೆಕ್ಕವನ್ನು ಬೇರೆಯಾಗಿಯೇ ಮಾಡಿ.

ಎಣಿಕೆಯನ್ನು ತಿಂಗಳಿಗೊಮ್ಮೆ, ಲಾಂಡ್ರಿಯ ಗಾಡಿ ಬರುವ ಮುನ್ನ, ಕೋಣೆ, ಮಾಸಲು ಬಟ್ಟೆಯ ಚೀಲ ಮತ್ತು ಕಪಾಟು ಮೂರನ್ನೂ ಒಂದೇ ಹೊತ್ತಿನಲ್ಲಿ ಮಾಡಬೇಕು. ಇಂದು ಕಪಾಟು, ನಾಳೆ ಕೋಣೆ ಎಂದರೆ ಒಂದೇ ಟವೆಲ್ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಲಾಂಡ್ರಿಯಲ್ಲಿರುವುದನ್ನು ಅವರ ಚೀಟಿಯಿಂದ ಸೇರಿಸಿ. 120 ಇರಬೇಕಾದಲ್ಲಿ 113 ಸಿಕ್ಕರೆ, ಮೊದಲು ಹಳೆಯ ಚೀಟಿಗಳಲ್ಲಿ ಬಾಕಿ ಉಳಿದದ್ದನ್ನು ನೋಡಿ, ಬಳಿಕ ನೆಲ ಒರೆಸುವ ಬಕೆಟ್‌ಗಳನ್ನು ನೋಡಿ. ಒಳ್ಳೆಯ ಟವೆಲ್ ಒರೆಸುವ ಬಟ್ಟೆಯಾಗಿರುವುದನ್ನು ನಾನು ಅಲ್ಲಿಯೇ ಹೆಚ್ಚಾಗಿ ಕಂಡಿದ್ದೇನೆ. ಹರಿದದ್ದನ್ನು ತುದಿ ಕತ್ತರಿಸಿ, ಪುಸ್ತಕದಲ್ಲಿ ಬರೆದ ನಂತರವೇ ಒರೆಸಲು ಕೊಡಿ, ಮತ್ತು ಅದರ ಬದಲಿಗೆ ಅಂದೇ ಹೊಸದೊಂದನ್ನು ಬೀಗದ ಪೆಟ್ಟಿಗೆಯಿಂದ ತೆಗೆಯಿರಿ.