ಲೀಟರ್ ಹಾಲಿಗೆ ನಿಜವಾಗಿ ಉಳಿಯುವುದೆಷ್ಟು?

‘ದಿನಕ್ಕೆ ಒಂಬತ್ತು ಲೀಟರ್ ಕರೀತೀನಿ, ಮೇವು-ಹಿಂಡಿಗೆ 228 ರೂಪಾಯಿ. ಲೀಟರಿಗೆ 25 ಬಿತ್ತು, ಡೇರಿಯಲ್ಲಿ 36, ಪ್ರೋತ್ಸಾಹಧನ 5. ಹದಿನಾರು ಲಾಭ!’ ಹಸು ಸಾಕುವವರು ಹೆಚ್ಚಿನವರು ಹೀಗೇ ಲೆಕ್ಕ ಹಾಕುತ್ತಾರೆ. ಬತ್ತಿದ ಹಸುವೂ ತಿನ್ನುತ್ತದೆ ಎಂಬುದು ಇದರಲ್ಲಿ ಬಿಟ್ಟೇಹೋಗಿದೆ.

ಮೊದಲು ತಿಂಗಳ ಲೆಕ್ಕ ಬಿಡಿ. ಒಂದು ಕರುವಿನಿಂದ ಮುಂದಿನ ಕರುವಿನವರೆಗೆ ಲೆಕ್ಕ ಇಡಿ. ನಮ್ಮ ಉದಾಹರಣೆಯ ಮಿಶ್ರತಳಿ ಹಸುವಿಗೆ ಅದು 420 ದಿನ: 330 ದಿನ ಹಾಲು, 90 ದಿನ ಬತ್ತಿದ ಕಾಲ.

ಎರಡನೆಯದು, ಭಾಗಿಸುವ ಲೀಟರ್. ಸರಾಸರಿ 9ರಂತೆ 2,970 ಲೀಟರ್ ಕರೆದರೂ ಕರು ಕುಡಿದದ್ದು, ಕೆಚ್ಚಲು ಬಾವಿಗೆ ಔಷಧಿ ಕೊಟ್ಟಾಗ ಚೆಲ್ಲಿದ್ದು ಸೇರಿ 170 ಹೋಯಿತು. ಉಳಿದದ್ದು 2,800. ಮನೆಗೆ ಇಟ್ಟುಕೊಂಡ ಹಾಲನ್ನು ಮಾತ್ರ ಕಳೆಯಬೇಡಿ, ಅದೂ ಮಾರಿದ ಹಾಗೇ.

ಮೇವಿನ ಲೆಕ್ಕದಲ್ಲೇ ಎಲ್ಲರೂ ಎಡವುವುದು. ಪಶು ಆಹಾರವನ್ನು ಮಗ್ಗಿನಲ್ಲಿ ಅಳೆಯಬೇಡಿ, ಒಮ್ಮೆ ತಕ್ಕಡಿಗೆ ಹಾಕಿ ನೋಡಿ. ಇಲ್ಲವೇ ಚೀಲ ಬಿಚ್ಚಿದ ದಿನ, ಖಾಲಿಯಾದ ದಿನ ಬರೆದಿಡಿ. ಸ್ವಂತ ಹೊಲದ ಸೀಮೆಹುಲ್ಲು, ರಾಗಿಹುಲ್ಲು ಪುಕ್ಕಟೆಯಲ್ಲ. ಮಾರಿದ್ದರೆ ಸಿಗುತ್ತಿದ್ದ ಬೆಲೆ ಹಾಕಿ. ಈ ಹಸು ಹಾಲಿನ ದಿನಗಳಲ್ಲಿ 228ರಂತೆ ಸುಮಾರು 75 ಸಾವಿರ, ಬತ್ತಿದ ದಿನಗಳಲ್ಲಿ 130ರಂತೆ 12 ಸಾವಿರ ತಿಂದಿತು. 87 ಸಾವಿರವನ್ನು 2,800ರಿಂದ ಭಾಗಿಸಿದರೆ 31 ರೂಪಾಯಿ. ಆರು ರೂಪಾಯಿ ಆಗಲೇ ಏರಿತು. ‘ಹಾಲು ಹೆಚ್ಚಿಸುವ’ ಟಾನಿಕ್ ಬಾಟಲಿಗೆ ನಾನಂತೂ ದುಡ್ಡು ಕೊಡುವುದಿಲ್ಲ. ಖನಿಜ ಮಿಶ್ರಣ ಸಾಕು.

ಕೂಲಿ: ಒಂದು ಹಸುವಿಗೆ ದಿನಕ್ಕೆ ಒಂದೂವರೆ ಗಂಟೆ, ಗಂಟೆಗೆ 50ರಂತೆ 75 ರೂಪಾಯಿ. ಹೆಂಡತಿ ಮಾಡುತ್ತಾಳೆಂದು ಸೊನ್ನೆ ಬರೆಯಬೇಡಿ. ಒಟ್ಟು 31,500, ಅಂದರೆ ಲೀಟರಿಗೆ 11.25.

ಡಾಕ್ಟರು, ಔಷಧಿ, ಗಬ್ಬದ ಸೂಜಿ, ವಿಮೆ ಸೇರಿ 5,600. ಲೀಟರಿಗೆ 2.

ಕೂಡಿದರೆ 44.25. ಬಂದದ್ದು 41. ಲೀಟರಿಗೆ 3.25 ನಷ್ಟ. ಕೈಯಿಂದ ಹೋಗದ ಕೂಲಿ ಬಿಟ್ಟರೆ 8 ರೂಪಾಯಿ ಉಳಿದಂತೆ ಕಾಣುತ್ತದೆ. ಅದು ಲಾಭವಲ್ಲ, ಮನೆಯವರ ಕೂಲಿ, ಅದೂ ಪೂರ್ತಿಯಲ್ಲ. ಗೊಬ್ಬರದ ಹಣವನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಹಾಲಿನ ಲೆಕ್ಕಕ್ಕೆ ಬೆರೆಸಿದರೆ ಸೋರುವ ಜಾಗ ಮುಚ್ಚಿಹೋಗುತ್ತದೆ.

ಇಲ್ಲಿ ಸೋರಿದ್ದು ಬತ್ತಿದ ಕಾಲದಲ್ಲಿ. ಅರವತ್ತು ದಿನ ಸಾಕಿತ್ತು. ಹೆಚ್ಚಾದ ಮೂವತ್ತು ದಿನಕ್ಕೆ ಮೇವು, ಕೂಲಿ ಸೇರಿ ದಿನಕ್ಕೆ 205, ಲೀಟರಿಗೆ 2.20. ಬೆದೆ ತಪ್ಪಿದ್ದೇ ಕಾರಣ. ಸೂಜಿ ಹಾಕಿಸಿದ ದಿನ ಬರೆದಿಟ್ಟು, 21ನೇ ದಿನದ ಆಸುಪಾಸಿನಲ್ಲಿ ಬೆಳಿಗ್ಗೆ-ಸಂಜೆ ಕೊಟ್ಟಿಗೆಯಲ್ಲಿ ನಿಂತು ನೋಡಿ. ಮತ್ತೆ ಬೆದೆಗೆ ಬಂದರೆ ಸೂಜಿ ನಿಂತಿಲ್ಲ. ಬರದಿದ್ದರೂ ಎರಡೂವರೆ ತಿಂಗಳಿಗೆ ಡಾಕ್ಟರಿಂದ ಗಬ್ಬ ಪರೀಕ್ಷೆ ಮಾಡಿಸಿ.